ಕೀಬೋರ್ಡ್ ಕುಟ್ಟಿದ ಸಂದೇಶವನ್ನು ಓದುವುದು ಹೇಗೆ?

ಪ್ರಶ್ನೆ: ಗೆಳತಿ ಚಾಟ್‌ನಲ್ಲಿ ಆಗಾಗ asdfghjkl, sdkjfhskdjf ಅಂತ ಕಳಿಸ್ತಾಳೆ. ಖುಷಿಗೂ ಅದೇ, ನಾಚಿಕೆಗೂ ಅದೇ, ತಲೆ ಕೆಟ್ಟಾಗಲೂ ಅದೇ. ಯಾವುದು ಯಾವಾಗ ಅಂತ ಹೇಗೆ ಗೊತ್ತಾಗೋದು?

ಆ ಅಕ್ಷರಗಳೊಳಗೆ ಅರ್ಥ ಹುಡುಕಬೇಡಿ. ಅವು ಹೇಳುವುದು ಒಂದೇ ಮಾತು: "ಈಗ ನನಗೆ ಪದ ಹೊರಡುತ್ತಿಲ್ಲ." ಯಾವ ಭಾವ ಉಕ್ಕಿ ಪದ ಹೊರಡದೆ ಹೋಯಿತು ಎಂಬುದು ಅದರ ಅಕ್ಕಪಕ್ಕದಲ್ಲಿರುತ್ತದೆ. ಯಾವ ಮಾತಿಗೆ ಉತ್ತರವಾಗಿ ಬಂತು, ದೊಡ್ಡಕ್ಷರವೋ ಚಿಕ್ಕಕ್ಷರವೋ, ಅದಾದ ಮೇಲೆ ಅವಳು ಏನು ಬರೆದಳು, ಈ ಮೂರನ್ನು ನೋಡಿದರೆ ಸಾಮಾನ್ಯವಾಗಿ ಸಾಕು.

ಇದಕ್ಕೆ ಇಂಗ್ಲಿಷಿನಲ್ಲಿ ಕೀಸ್ಮ್ಯಾಶ್ ಎನ್ನುತ್ತಾರೆ, ಕೀಬೋರ್ಡನ್ನು ಕುಟ್ಟುವುದು. ಹೆಸರು ಹಾಗಿದ್ದರೂ ಯಾರೂ ಕಣ್ಣುಮುಚ್ಚಿ ಕುಟ್ಟುವುದಿಲ್ಲ. ಟೈಪ್ ಮಾಡುವಾಗ ಬೆರಳುಗಳು ತಂಗುವ ನಡುಸಾಲಿನ ಒಂಬತ್ತು ಅಕ್ಷರಗಳೇ a ಯಿಂದ l ವರೆಗಿನ asdfghjkl. ಕೈ ಅಲ್ಲೇ ಇರುವುದರಿಂದ ಕುಟ್ಟಿದ್ದರಲ್ಲಿ ಈ ಅಕ್ಷರಗಳೇ ಹೆಚ್ಚು, ಎಷ್ಟೋ ಸಲ ಆರಂಭವೂ a ಯಿಂದಲೇ. ಅಂಕಿಗಳು ಬರುವುದು ಅಪರೂಪ. ಅಂತರ್ಜಾಲದ ಭಾಷೆಯನ್ನು ಅಧ್ಯಯನ ಮಾಡುವ ಭಾಷಾವಿಜ್ಞಾನಿ ಗ್ರೆಚೆನ್ ಮೆಕಲಕ್ ಇದನ್ನು ಬಳಸುವವರನ್ನೇ ಕೇಳಿ ನೋಡಿದ್ದಾರೆ. ಕುಟ್ಟಿದ್ದು ಕಣ್ಣಿಗೆ ಸರಿ ಕಾಣದಿದ್ದರೆ ಒಂದೆರಡು ಅಕ್ಷರ ತಿದ್ದುವವರೂ ಇದ್ದಾರೆ, ಪೂರ್ತಿ ಅಳಿಸಿ ಮತ್ತೆ ಕುಟ್ಟುವವರೂ ಇದ್ದಾರೆ. ಇದನ್ನು ಸೋಗು ಅಂದುಕೊಳ್ಳಬೇಡಿ. "ಅಯ್ಯೋ" ಎನ್ನುವವರು ಆ ಪದವನ್ನು ಆಗಷ್ಟೇ ಕಂಡುಹಿಡಿಯುವುದಿಲ್ಲವಲ್ಲ. ಉದ್ಗಾರಕ್ಕೂ ಒಂದು ರೂಢಿ ಇರುತ್ತದೆ, ರೂಢಿ ಇರುವುದರಿಂದಲೇ ಅದು ಎದುರಿನವರಿಗೆ ತಲುಪುತ್ತದೆ.

ಕ್ರಮವಾಗಿ ಬರೆದ asdfghjkl ಮತ್ತು ಕಲಸಿಹೋದ sdkjfhskdjf ನಡುವೆ ಒಂದು ಸಣ್ಣ ವ್ಯತ್ಯಾಸವೂ ಇದೆ. ಮೊದಲನೆಯದು ಈಗ ಹೆಚ್ಚುಕಡಿಮೆ ಒಂದು ಪದವೇ ಆಗಿಹೋಗಿದೆ, ಶಾಂತವಾಗಿ ಕುಳಿತೂ ಅದನ್ನು ಬರೆಯಬಹುದು. ಎರಡನೆಯದರಲ್ಲಿ ಎಡಗೈ ಬಲಗೈ ಬೆರಳುಗಳು ಸರದಿಯಲ್ಲಿ ಬಿದ್ದ ಗುರುತು ಇರುತ್ತದೆ, ಹಾಗಾಗಿ ಅದರಲ್ಲಿ ಬಿಸಿ ಹೆಚ್ಚು ಅನ್ನಿಸುತ್ತದೆ.

ಇನ್ನು ಭಾವಗಳು. ಖುಷಿಯನ್ನು ಗುರುತಿಸುವುದು ಸುಲಭ. ಅದು ದೊಡ್ಡಕ್ಷರಕ್ಕೆ ಏರುತ್ತದೆ, ಉದ್ದವಾಗುತ್ತದೆ, ಮತ್ತು ಅದರ ಬೆನ್ನಿಗೇ ಸುದ್ದಿ ಬರುತ್ತದೆ: "ASDKJFHSKJDFH ಸೆಲೆಕ್ಟ್ ಆದೆ". ಅಸಹಾಯಕತೆಯಲ್ಲಿ ಈ ಕ್ರಮ ತಿರುಗುಮುರುಗು. ಮೊದಲು ದೂರು, ಕೊನೆಯಲ್ಲಿ ಕುಟ್ಟು: "ಮೂರನೇ ಸಲವೂ ಫೈಲ್ ಸೇವ್ ಆಗಿಲ್ಲ akjdhfkjs". ಹೇಳಬೇಕಾದದ್ದನ್ನೆಲ್ಲ ಹೇಳಿ, ಮುಂದೆ ದಾರಿ ಕಾಣದೆ ವಾಕ್ಯವೇ ಕುಸಿದಂತೆ. ಈ ಕ್ರಮವನ್ನು ಕಟ್ಟುನಿಟ್ಟಿನ ನಿಯಮ ಅಂದುಕೊಳ್ಳಬೇಡಿ, ಆದರೆ ಒಳ್ಳೆಯ ಮೊದಲ ಸುಳಿವು.

ಕಷ್ಟವಿರುವುದು ನಾಚಿಕೆಯಲ್ಲಿ, ಅದು ಖುಷಿಯನ್ನೂ ಜೊತೆಗೆ ಕರೆತರುತ್ತದೆ. ಒಂದು ಉದಾಹರಣೆ ನೋಡಿ. ನೀವು ಹೀಗೆ ಬರೆಯುತ್ತೀರಿ: "ನಿನ್ನ ಕವಿತೆ ನಮ್ಮ ಗುಂಪಿನಲ್ಲಿ ಓದಿದೆ, ಎಲ್ಲರೂ ಹೊಗಳಿದರು." ಅವಳ ಉತ್ತರ ಮೂರು ತುಣುಕಾಗಿ ಬರುತ್ತದೆ:

sdkjfhskdjf
ಯಾಕೆ ಓದಿದೆ
ಯಾವ ಕವಿತೆ

ಮೊದಲ ಸಾಲು ಚಿಕ್ಕಕ್ಷರದಲ್ಲಿದೆ, ಒಂಟಿಯಾಗಿ ಬಂದಿದೆ. ಕೂಗಿಲ್ಲ, ಮುಖ ಮುಚ್ಚಿಕೊಂಡಿದ್ದಾಳೆ. ಎರಡನೆಯದು ಆಕ್ಷೇಪದಂತೆ ಕಾಣುತ್ತದೆ, ಆದರೆ ಅದಕ್ಕೂ ಮೊದಲು ಕುಟ್ಟು ಇರುವುದರಿಂದ ಮೊನೆ ಮುರಿದಿದೆ. ಬರಿಯ "ಯಾಕೆ ಓದಿದೆ" ಎಂದಷ್ಟೇ ಬಂದಿದ್ದರೆ ನಾನು ಅದನ್ನು ಸಿಟ್ಟು ಎಂದೇ ಓದುತ್ತಿದ್ದೆ. ಮೂರನೆಯದು ನಿರ್ಣಾಯಕ: ಯಾವ ಕವಿತೆ ಎಂದು ಕೇಳಿದವರಿಗೆ ಇನ್ನಷ್ಟು ಕೇಳುವ ಆಸೆ ಇದೆ. ಇಲ್ಲಿ ಯಾರು ಯಾವ ಸಾಲನ್ನು ಮೆಚ್ಚಿದರು ಎಂದು ಹೇಳಿ. ಮೂರನೇ ಸಾಲಿನ ಜಾಗದಲ್ಲಿ "ಪ್ಲೀಸ್ ಇನ್ಮೇಲೆ ಬೇಡ" ಎಂದಿದ್ದರೆ ಕುಟ್ಟನ್ನು ಮರೆತು ಆ ಮಾತನ್ನೇ ನಂಬಿ. ಪದಗಳು ಮತ್ತು ಕುಟ್ಟು ಬೇರೆಬೇರೆ ದಿಕ್ಕಿಗೆ ಎಳೆದರೆ ಪದಗಳಿಗೇ ಬೆಲೆ ಕೊಡಬೇಕು. ಬೇಸರವನ್ನು ಮೆತ್ತಗೆ ಮಾಡಿ ಹೇಳುವುದಕ್ಕೂ ಜನ ಇದನ್ನು ಮುಂದಿಡುತ್ತಾರೆ.

"ಅಂದ್ರೆ ಏನು?" ಎಂದು ಮಾತ್ರ ಕೇಳಬೇಡಿ. ಪದ ಸಿಗುತ್ತಿಲ್ಲ ಎಂದವರ ಹತ್ತಿರ ಪದ ಕೇಳಿದಂತಾಗುತ್ತದೆ. ನಿಮಗೆ ಕಂಡ ಭಾವವನ್ನೇ ಹೆಸರಿಸಿ, "ಇಷ್ಟು ನಾಚಿಕೊಳ್ಳೋದಾ!" ಎಂದು ಬರೆಯಿರಿ. ತಪ್ಪಿದ್ದರೆ ಅವಳೇ ತಿದ್ದುತ್ತಾಳೆ.

ಫೋನಿನಲ್ಲಿ ಎರಡು ಎಡವಟ್ಟು ಆಗುತ್ತವೆ. ಅಲ್ಲಿ ಕುಟ್ಟುವುದು ಹೆಬ್ಬೆರಳುಗಳು, ಅವು ಪರದೆಯ ನಡುವಿನಲ್ಲೇ ಸುಳಿದಾಡುತ್ತಿದ್ದರೆ gbhvjfbgh ಥರದ್ದು ಬರುತ್ತದೆ. ನಡುಸಾಲಿನ ಆಕಾರ ಇಲ್ಲವೆಂದು ಅದನ್ನು ಕೈತಪ್ಪಿ ಹೋದ ಸಂದೇಶ ಎಂದುಕೊಳ್ಳಬೇಡಿ. ನಿಜವಾಗಿ ಕೈತಪ್ಪಿದ್ದರಲ್ಲಿ ಅಂಕಿ, ಚಿಹ್ನೆ, ಅಸ್ತವ್ಯಸ್ತ ಖಾಲಿ ಜಾಗಗಳು ಸೇರಿಕೊಂಡಿರುತ್ತವೆ. ಕೀಲಿಯ ಮೇಲೆ ಭಾರ ಬಿದ್ದಿದ್ದರೆ ggggggggg ಎಂದು ಒಂದೇ ಅಕ್ಷರ ಸಾಲಾಗಿ ಬರುತ್ತದೆ, ಬೆಕ್ಕು ಕೀಬೋರ್ಡ್ ಮೇಲೆ ನಿಂತಾಗ ಆಗುವುದು ಇದೇ. ಎರಡನೇ ಎಡವಟ್ಟು ಆಟೋಕರೆಕ್ಟ್‌ನದು. ಅದು ಕುಟ್ಟನ್ನು ಯಾವುದೋ ಇಂಗ್ಲಿಷ್ ಪದವಾಗಿ ತಿದ್ದಿಬಿಟ್ಟರೆ ಸಂಬಂಧವೇ ಇಲ್ಲದ ಮಾತು ನಿಮ್ಮನ್ನು ತಲುಪುತ್ತದೆ. ಸಂದರ್ಭಕ್ಕೆ ಹೊಂದದ ಒಂಟಿ ಪದ ಬಂದರೆ ಒಂದು ನಿಮಿಷ ಕಾಯಿರಿ, ಅವಳೇ ಮತ್ತೆ ಕುಟ್ಟಬಹುದು.

ಇದನ್ನೇ ಕನ್ನಡದಲ್ಲಿ ಕುಟ್ಟಿದರೆ ಏನಾಗುತ್ತದೆ ಎಂಬುದು ನನಗೆ ತುಂಬ ಇಷ್ಟವಾದ ವಿಷಯ. ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಬೋರ್ಡ್ ವಿನ್ಯಾಸದಲ್ಲಿ f ಕೀಲಿ ಅಕ್ಷರಗಳನ್ನು ಕೂಡಿಸುವ ಹಲಂತ, ಉಳಿದವು ಬಹುಪಾಲು ಉಚ್ಚಾರಕ್ಕೆ ತಕ್ಕ ಅಕ್ಷರಗಳು. ಹಾಗಾಗಿ asdfghjkl ಎಂದು ಒತ್ತಿದರೆ "ಅಸದ್ಗಹಜಕಲ" ಎಂದು ಬರುತ್ತದೆ. ಹಲಂತ ಬೀಳದ ಪ್ರತಿ ವ್ಯಂಜನದಲ್ಲೂ ಅಕಾರ ಇರುವುದರಿಂದ ಅದನ್ನು ಸಲೀಸಾಗಿ ಓದಿಬಿಡಬಹುದು. ನಮಗೆ ಗೊತ್ತಿಲ್ಲದ ಯಾವುದೋ ಪದ ಇರಬೇಕು ಅನ್ನಿಸುತ್ತದೆಯೇ ಹೊರತು ಬಾಯಿ ಕಟ್ಟಿತು ಅನ್ನಿಸುವುದಿಲ್ಲ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸದಲ್ಲಾದರೆ ಎಡಗೈಯ asdfg ಜಾಗದಲ್ಲಿರುವುದು ಓಕಾರ, ಏಕಾರ, ಹಲಂತ, ಇಕಾರ, ಉಕಾರದ ಚಿಹ್ನೆಗಳು. ಅಂಟಿಕೊಳ್ಳಲು ವ್ಯಂಜನ ಸಿಗದೆ ಅವು ಚುಕ್ಕಿಗಳ ವೃತ್ತದ ಜೊತೆ ಮೂಡುತ್ತವೆ, ನೋಡಿದವರಿಗೆ ಫಾಂಟ್ ಕೆಟ್ಟಿದೆ ಅನ್ನಿಸುತ್ತದೆ. ರೋಮನ್ ಅಕ್ಷರದಲ್ಲಿ ಸ್ವರವಿಲ್ಲದ ವ್ಯಂಜನಗಳ ರಾಶಿಯನ್ನು ಬಾಯಿಗೆ ತಂದುಕೊಳ್ಳಲಾಗದು, ಆ ಓದಲಾಗದಿರುವಿಕೆಯೇ ಇಲ್ಲಿ ಕೆಲಸ ಮಾಡುವುದು. ಪೂರ್ತಿ ಕನ್ನಡದಲ್ಲಿ ಚಾಟ್ ಮಾಡುವಾಗಲೂ ಈ ಒಂದು ಸಂದೇಶಕ್ಕೆ ಕೀಬೋರ್ಡ್ ಬದಲಿಸಬೇಕಾಗುವುದು ಅದಕ್ಕೇ.