ಏಣಿ ಒಂದೇ, ರಾಗ ಎರಡು

ಪ್ರಶ್ನೆ: ನಾನು ಕೀಬೋರ್ಡ್ ಇಟ್ಟುಕೊಂಡು ಪುಸ್ತಕ ನೋಡಿ ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಆರಭಿ ಮತ್ತು ದೇವಗಾಂಧಾರಿ ಎರಡಕ್ಕೂ ಒಂದೇ ಆರೋಹಣ, ಒಂದೇ ಅವರೋಹಣ ಕೊಟ್ಟಿದ್ದಾರೆ. ಇದು ಅಚ್ಚಿನ ತಪ್ಪೇ? ಅಲ್ಲವಾದರೆ ಎರಡು ಹೆಸರು ಏಕೆ?

ಅಚ್ಚಿನ ತಪ್ಪಲ್ಲ, ಪುಸ್ತಕ ಸರಿಯಾಗಿದೆ. ಎರಡೂ 29ನೆಯ ಮೇಳವಾದ ಧೀರಶಂಕರಾಭರಣದ ಜನ್ಯರಾಗಗಳು. ಹತ್ತುವಾಗ ಸ ರಿ ಮ ಪ ದ ಸ, ಇಳಿಯುವಾಗ ಸ ನಿ ದ ಪ ಮ ಗ ರಿ ಸ. ಒಂದು ಮನೆ ಶ್ರುತಿಗೆ, ಅಂದರೆ ಎರಡು ಕಪ್ಪು ಮನೆಗಳ ಗುಂಪಿನ ಎಡಕ್ಕಿರುವ ಬಿಳಿ ಮನೆಯನ್ನು ಷಡ್ಜವೆಂದು ಇಟ್ಟುಕೊಂಡರೆ, ಎರಡೂ ರಾಗಗಳು ಬಿಳಿ ಮನೆಗಳಲ್ಲೇ ಮುಗಿಯುತ್ತವೆ. ಹಾಗಾಗಿ ನಿಮಗೆ ಬಂದ ಅನುಮಾನ ನ್ಯಾಯವಾದದ್ದು. ನನಗೂ ಬಂದಿತ್ತು, ಅದೂ ಬರಬಾರದ ಹೊತ್ತಿನಲ್ಲಿ.

ವೀಣೆಯ ಒಂದು ಪರೀಕ್ಷೆಗೆ ಕುಳಿತಿದ್ದೆ. ಆರಭಿಯಲ್ಲಿ ಸ್ವಲ್ಪ ಆಲಾಪನೆ ನುಡಿಸಿ ಎಂದರು. ಕೈ ನಡುಗುತ್ತಿತ್ತು. ನಿಧಾನವಾಗಿ ನುಡಿಸಿದರೆ ತಪ್ಪು ಬೀಳುವುದಿಲ್ಲ ಎಂದುಕೊಂಡು ಸಾವಕಾಶವಾಗಿ ಇಳಿದೆ. ಗಾಂಧಾರದ ಮೇಲೆ ಒಂದು ಕ್ಷಣ ನಿಂತೆ. ಅಲ್ಲಿಂದ ರಿಷಭಕ್ಕೆ ಬಂದು ತಂತಿಯನ್ನು ಮೃದುವಾಗಿ ತೂಗಿದೆ. ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ: “ನಾವು ಕೇಳಿದ್ದು ಯಾವ ರಾಗ, ತಾವು ನುಡಿಸುತ್ತಿರುವುದು ಯಾವ ರಾಗ?” ನಾನು ಒಂದೇ ಒಂದು ಅನ್ಯಸ್ವರ ಹಾಕಿರಲಿಲ್ಲ. ಏಣಿಯ ಒಂದು ಮೆಟ್ಟಿಲನ್ನೂ ತಪ್ಪಿರಲಿಲ್ಲ. ಆದರೂ ಆರಭಿಯಿಂದ ಹೊರಗೆ ಬಂದು ಪಕ್ಕದ ಮನೆಯ ಜಗಲಿಯಲ್ಲಿ ಕುಳಿತಿದ್ದೆ.

ಆರೋಹಣ ಅವರೋಹಣ ಹೇಳುವುದು ಎರಡೇ ವಿಷಯ: ಯಾವ ಸ್ವರಗಳಿಗೆ ಪ್ರವೇಶವಿದೆ, ಯಾವ ದಿಕ್ಕಿನಲ್ಲಿ ಪ್ರವೇಶವಿದೆ. ಇಲ್ಲಿ ಗ ಮತ್ತು ನಿ ಇಳಿಯುವಾಗ ಮಾತ್ರ ಬರುತ್ತವೆ. ಆದ್ದರಿಂದ ‘ಸ ರಿ ಗ ಮ’ ಎಂದು ನೇರ ಹತ್ತಿದರೆ ಆ ಕ್ಷಣವೇ ಶಂಕರಾಭರಣದ ವಾಸನೆ ಬರುತ್ತದೆ. ಇಷ್ಟನ್ನು ಏಣಿ ತಿಳಿಸುತ್ತದೆ. ಆದರೆ ಯಾವ ಸ್ವರದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ಯಾವುದನ್ನು ಸುಮ್ಮನೆ ತಟ್ಟಿಕೊಂಡು ಹೋಗಬೇಕು, ಯಾವುದನ್ನು ಅಲುಗಿಸಬೇಕು, ಯಾವುದನ್ನು ಅಲುಗಿಸಲೇಬಾರದು ಎಂಬುದರ ಬಗ್ಗೆ ಅದು ಬಾಯಿ ಬಿಡುವುದಿಲ್ಲ. ನಿಮ್ಮ ಎರಡು ರಾಗಗಳು ಬೇರೆಯಾಗುವುದು ಅಲ್ಲಿಯೇ.

ಆರಭಿಯನ್ನು ತೆಗೆದುಕೊಳ್ಳಿ. ಅದರ ಬಲವೆಲ್ಲ ರಿಷಭ ಮತ್ತು ಧೈವತದಲ್ಲಿದೆ. ‘ಪ ಮ ಗ ರೀ’ ಎಂದು ಇಳಿದಾಗ ರಿಷಭ ನೆಟ್ಟ ಕಂಬದಂತೆ ನಿಲ್ಲಬೇಕು. ನಡುವಿನ ಗಾಂಧಾರಕ್ಕೆ ಸ್ವಂತ ಅಸ್ತಿತ್ವವೇ ಇಲ್ಲ ಎನ್ನಬಹುದು. ಅದು ಮಧ್ಯಮದ ಬಾಲಕ್ಕೆ ಅಂಟಿಕೊಂಡು ಬಂದು ಕಿವಿಗೆ ಬೀಳುವಷ್ಟರಲ್ಲಿ ಹೋಗಿಬಿಡುತ್ತದೆ. ಮೇಲೆ ನಿಷಾದದ್ದೂ ಅದೇ ಕಥೆ. ‘ಸ ನಿ ದಾ’ ಎಂಬಲ್ಲಿ ನಿಷಾದ ಎಷ್ಟು ಚಿಕ್ಕದೆಂದರೆ, ಅನೇಕರ ಬಾಯಲ್ಲಿ ಅದು ‘ಸ ಸ ದಾ’ ಎಂದೇ ಕೇಳಿಸುತ್ತದೆ. ‘ರಿ ರಿ ಮ ಮ ಪ ಪ ದ ದ’ ಎಂಬಂತಹ ಜಂಟಿ ಪ್ರಯೋಗಗಳು ಈ ರಾಗಕ್ಕೆ ಬಹಳ ಒಗ್ಗುತ್ತವೆ. ನಡಿಗೆ ಮಧ್ಯಮಕಾಲದ್ದು, ಚುರುಕಿನದ್ದು. ನಾಟ, ಗೌಳ, ವರಾಳಿ, ಶ್ರೀ ರಾಗಗಳ ಜೊತೆಗೆ ಇದನ್ನೂ ಸೇರಿಸಿ ಘನರಾಗ ಪಂಚಕ ಎನ್ನುವುದು, ವೀಣೆಯಲ್ಲಿ ಈ ಐದರಲ್ಲಿ ತಾನ ನುಡಿಸುವ ರೂಢಿ ಬೆಳೆದಿರುವುದು ಇದೇ ಗುಣಕ್ಕಾಗಿ.

ದೇವಗಾಂಧಾರಿಯಲ್ಲಿ ಅದೇ ‘ಪ ಮ ಗ ರಿ’ ಬೇರೆ ಮೈ ತಾಳುತ್ತದೆ. ಇಲ್ಲಿ ಗಾಂಧಾರ ಓಡಿಹೋಗುವುದಿಲ್ಲ. ‘ಮ ಗಾ ರಿ’ ಎಂದು ತನ್ನ ಪಾಲಿನ ಕಾಲವನ್ನು ಕೇಳಿ ಪಡೆಯುತ್ತದೆ. ನಿಷಾದಕ್ಕೂ ಅಷ್ಟೇ ಸಲಿಗೆ. ರಿಷಭ ಮತ್ತು ಧೈವತಗಳು ಕಂಬದಂತೆ ನಿಲ್ಲದೆ ತೊಟ್ಟಿಲಿನಂತೆ ನಿಧಾನವಾಗಿ ತೂಗುತ್ತವೆ. ಇಡೀ ರಾಗ ವಿಳಂಬದಲ್ಲಿ, ದೀರ್ಘ ಕಾರ್ವೆಗಳಲ್ಲಿ ಬದುಕುತ್ತದೆ. ಕೇಳಿ ನೋಡಬೇಕೆಂದರೆ ತ್ಯಾಗರಾಜರ ಎರಡು ಕೃತಿಗಳನ್ನು ಒಂದರ ಹಿಂದೆ ಒಂದು ಹಾಕಿಕೊಳ್ಳಿ: ಆರಭಿಯ ‘ಸಾಧಿಂಚೆನೆ’, ದೇವಗಾಂಧಾರಿಯ ‘ಕ್ಷೀರಸಾಗರ ಶಯನ’. ಸಾಹಿತ್ಯವನ್ನು ಬಿಟ್ಟು, ಹಾಡುವವರು ರಿಷಭಕ್ಕೆ ಬಂದಾಗಲೆಲ್ಲ ಅದನ್ನು ಏನು ಮಾಡುತ್ತಾರೆ ಎಂಬುದನ್ನು ಮಾತ್ರ ಗಮನಿಸಿ. ನಾಲ್ಕೈದು ಸಲ ಕೇಳುವಷ್ಟರಲ್ಲಿ ನಿಮ್ಮ ಪ್ರಶ್ನೆಗೆ ಕಿವಿಯೇ ಉತ್ತರ ಕೊಡುತ್ತದೆ.

ಇದಕ್ಕೆ ಇನ್ನೊಂದು ಪುರಾವೆಯಿದೆ. ದೇವಗಾಂಧಾರಿಯಲ್ಲಿ ಕಲ್ಪನಾಸ್ವರ, ಅಂದರೆ ಸ್ಥಳದಲ್ಲೇ ಹೆಣೆಯುವ ಸ್ವರಗಳನ್ನು ಹಾಡಲು ಸಂಪ್ರದಾಯಸ್ಥರು ಹಿಂಜರಿಯುತ್ತಾರೆ. ಕಾರಣ ಸರಳ. ಸ್ವರ ಹಾಕುತ್ತಾ ವೇಗ ಹೆಚ್ಚಿದಂತೆ ಗಮಕಕ್ಕೆ, ಅಂದರೆ ಸ್ವರವನ್ನು ತೂಗಿ ಅಲುಗಿಸುವುದಕ್ಕೆ, ಜಾಗ ಸಾಲುವುದಿಲ್ಲ. ತೂಗುತ್ತಿದ್ದ ರಿಷಭ ನೇರವಾಗುತ್ತದೆ, ಎಳೆದಾಡುತ್ತಿದ್ದ ಗಾಂಧಾರ ಮೊಟಕಾಗುತ್ತದೆ. ಆಗ ಉಳಿಯುವುದು ಆರಭಿ. ಪರೀಕ್ಷೆಯಲ್ಲಿ ನಾನು ಮಾಡಿದ್ದು ಇದರ ತಿರುವು ಮುರುವು: ಆರಭಿಯ ವೇಗ ಕಸಿದುಕೊಂಡು ದೇವಗಾಂಧಾರಿಯನ್ನು ಬರಿಸಿದ್ದೆ.

ಹಾಗಾದರೆ ರಾಗ ಇರುವುದು ಏಣಿಯಲ್ಲಲ್ಲ, ಪ್ರಯೋಗಗಳಲ್ಲಿ. ಪ್ರಯೋಗ ಎಂದರೆ ಆ ರಾಗದ ಬಾಯಲ್ಲಿ ಮತ್ತೆ ಮತ್ತೆ ಬರುವ ನುಡಿಗಟ್ಟು. ಕೆಲವು ರಾಗಗಳಲ್ಲಿ ಈ ನುಡಿಗಟ್ಟು ಏಣಿಯ ಮಾತನ್ನೇ ಮೀರುತ್ತದೆ. ಕಾಂಬೋಧಿಯ ಅವರೋಹಣದಲ್ಲಿ ಬರೆದಿರುವುದು ಕೈಶಿಕಿ ನಿಷಾದ, ಅಂದರೆ ಕೆಳಗಿನ ನಿಷಾದ. ಆದರೆ ‘ಸ ನಿ ಪ ದ ಸ’ ಎಂಬ ಅದರ ಪ್ರಸಿದ್ಧ ಪ್ರಯೋಗದಲ್ಲಿ ಬರುವುದು ಅದಕ್ಕಿಂತ ಒಂದು ಮನೆ ಮೇಲಿನ ಕಾಕಲಿ ನಿಷಾದ. ಏಣಿಯನ್ನೇ ನಂಬಿದವರಿಗೆ ಅದು ತಪ್ಪು. ಕೇಳುಗರಿಗೆ ಅದೇ ಕಾಂಬೋಧಿಯ ಗುರುತಿನ ಚೀಟಿ. ನನ್ನ ಮಟ್ಟಿಗೆ ಆರೋಹಣ ಅವರೋಹಣಗಳು ಮೊದಲೇ ಇದ್ದ ರಾಗವನ್ನು ಸಂಕ್ಷೇಪಿಸಿ ಬರೆದುಕೊಂಡ ಟಿಪ್ಪಣಿ. ಟಿಪ್ಪಣಿಯಿಂದ ರಾಗವನ್ನು ಮರಳಿ ಕಟ್ಟಲು ಹೊರಟಾಗ ನಿಮಗಾದ ಗೊಂದಲ ಯಾರಿಗಾದರೂ ಆಗುತ್ತದೆ.

ಇನ್ನು ಗಮಕ. ಇದನ್ನು ಸ್ವರದ ಮೇಲೆ ಹಾಕುವ ಒಡವೆ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಡವೆ ತೆಗೆದರೆ ಮನುಷ್ಯ ಉಳಿಯುತ್ತಾನೆ. ತೋಡಿಯ ಗಾಂಧಾರದಿಂದ ಗಮಕ ತೆಗೆದರೆ ತೋಡಿ ಉಳಿಯುವುದಿಲ್ಲ. ನಿಮ್ಮ ಕೀಬೋರ್ಡಿನಲ್ಲೇ ನೋಡಿ. ಅದೇ ಒಂದು ಮನೆ ಶ್ರುತಿಗೆ ತೋಡಿಯ ರಿಷಭ ಮೊದಲ ಕಪ್ಪು ಮನೆ, ಗಾಂಧಾರ ಎರಡನೆಯ ಕಪ್ಪು ಮನೆ, ಮಧ್ಯಮ ಮೂರು ಕಪ್ಪು ಮನೆಗಳ ಗುಂಪಿನ ಎಡಕ್ಕಿರುವ ಬಿಳಿ ಮನೆ. ‘ಸ ರಿ ಗ ಮ’ ಎಂದು ಒಂದೊಂದಾಗಿ ಒತ್ತಿ. ಎಲ್ಲ ಸ್ವರಸ್ಥಾನಗಳೂ ಸರಿ, ಆದರೆ ತೋಡಿ ಬರುವುದಿಲ್ಲ. ಸಿಂಧುಭೈರವಿಯದ್ದೋ ಹಿಂದೂಸ್ತಾನಿ ಭೈರವಿಯದ್ದೋ ನೆರಳು ಬೀಳುತ್ತದೆ. ಧಾರವಾಡದ ಕಡೆಯ ಕಿವಿಗಳು ಇದನ್ನು ತಕ್ಷಣ ಭೈರವಿ ಎಂದೇ ಗುರುತಿಸುತ್ತವೆ, ಏಕೆಂದರೆ ಅಲ್ಲಿನ ಭೈರವಿಗೂ ಇದೇ ಏಳು ಮನೆಗಳು ಸಾಕು.

ತೋಡಿಯ ಗಾಂಧಾರ ಆ ಎರಡನೆಯ ಕಪ್ಪು ಮನೆಯಲ್ಲಿ ವಾಸ ಮಾಡುವುದಿಲ್ಲ. ಅದು ಕೆಳಗೆ ರಿಷಭದ ಕಡೆಗೂ ಮೇಲೆ ಮಧ್ಯಮದ ಕಡೆಗೂ ತೂಗಾಡುತ್ತಿರುತ್ತದೆ, ಬರೆದ ಸ್ಥಾನವನ್ನು ದಾರಿಯಲ್ಲಿ ಹಾದುಹೋಗುತ್ತದೆ ಅಷ್ಟೇ. ಆ ತೂಗಾಟ ಪೂರ್ತಿಯನ್ನು ನಾವು ‘ಗ’ ಎಂದು ಕೇಳಿಸಿಕೊಳ್ಳುತ್ತೇವೆ. ವೀಣೆಯವರಿಗೆ ಇದು ಕೈಯಲ್ಲೇ ತಿಳಿಯುತ್ತದೆ. ಮೆಟ್ಟಿಲಿನ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದರೆ ನಾದ ಏರುತ್ತದೆ, ಎಂದಿಗೂ ಇಳಿಯುವುದಿಲ್ಲ. ಹಾಗಾಗಿ ತನ್ನ ಸ್ಥಾನಕ್ಕಿಂತ ಕೆಳಗೂ ಹೋಗಬೇಕಾದ ಸ್ವರವನ್ನು ಅದರದ್ದೇ ಮೆಟ್ಟಿಲಿನಲ್ಲಿ ನಿಂತು ಪೂರ್ತಿ ಹೊರಡಿಸಲಾಗದು. ಕೆಳಗಿನ ಮೆಟ್ಟಿಲಿಗೆ ಬೆರಳು ಇಳಿಸಿ ಅಲ್ಲಿಂದ ಎಳೆಯಬೇಕು. ಬಾಯಲ್ಲಿ ಗಾಂಧಾರ, ಬೆರಳ ಕೆಳಗೆ ರಿಷಭ. ಮೊದಲ ಸಲ ಹೇಳಿಕೊಟ್ಟಾಗ ನಾನು ನಮ್ಮ ಮೇಷ್ಟ್ರಿಗೇ ಮೆಟ್ಟಿಲು ತಪ್ಪಿತೆಂದು ತಿಳಿದಿದ್ದೆ.

ಕೀಬೋರ್ಡಿನ ಎಡಗಡೆ ಪಿಚ್ ಬೆಂಡ್ ಚಕ್ರವಿದ್ದರೆ ಈ ಪ್ರಯೋಗ ಮಾಡಬಹುದು. ಸಾಮಾನ್ಯವಾಗಿ ಆ ಚಕ್ರ ಎರಡು ಮನೆ ಮೇಲಕ್ಕೂ ಎರಡು ಮನೆ ಕೆಳಕ್ಕೂ ನಾದವನ್ನು ಒಯ್ಯುತ್ತದೆ, ಕಪ್ಪು ಬಿಳಿ ಎರಡನ್ನೂ ಎಣಿಸಿ. ಎರಡನೆಯ ಕಪ್ಪು ಮನೆಯಿಂದ ಎರಡು ಕೆಳಗೆ ರಿಷಭ, ಎರಡು ಮೇಲೆ ಮಧ್ಯಮ, ತೋಡಿಗೆಂದೇ ಅಳೆದಂತಿದೆ. ಷಡ್ಜದ ತಂಬೂರಿ ನಾದ ಹಾಕಿಕೊಂಡು ಆ ಮನೆಯನ್ನು ಒತ್ತಿ ಹಿಡಿದು, ಚಕ್ರವನ್ನು ಕೆಳಗಿನಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೂ ಕೆಳಕ್ಕೂ ತೂಗಿ. ಚಕ್ರ ಬಿಟ್ಟೊಡನೆ ತಾನಾಗಿ ನಡುವಿಗೆ ಹಾರುತ್ತದೆ, ಅದಕ್ಕೆ ಅವಕಾಶ ಕೊಡಬೇಡಿ. ಚಲನೆ ಒಂದೇ ಸಮನಾಗಿ, ಯಂತ್ರದಂತೆ ಇದ್ದರೆ ಆಂಬುಲೆನ್ಸ್ ಬಂದಂತಾಗುತ್ತದೆ. ಗಾಯಕರು ತೂಗಾಟದ ತುದಿಗಳಲ್ಲಿ ಕೊಂಚ ತಡೆದು ನಡುವೆ ಜಾರುತ್ತಾರೆ. ಅದು ಸರಿಬಿದ್ದ ಮೇಲೆ ‘ನಿ ದ ಮ ಗಾ ರಿ’ ಎಂದು ಪಂಚಮ ಬಿಟ್ಟು ಇಳಿದು ನೋಡಿ, ತೋಡಿಯ ಮುಖ ಕಾಣಿಸುತ್ತದೆ.

ಎಲ್ಲ ಸ್ವರವನ್ನೂ ಅಲುಗಿಸಿದರೆ ಕರ್ನಾಟಕ ಸಂಗೀತವಾಯಿತು ಎಂದು ಇದರಿಂದ ತಿಳಿಯಬೇಡಿ. ಹೊಸಬರು ಆರಭಿಯ ರಿಷಭವನ್ನೂ ಭಕ್ತಿಯಿಂದ ನಡುಗಿಸುತ್ತಾರೆ, ರಾಗ ಅಲ್ಲಿಗೆ ಮುಗಿಯುತ್ತದೆ. ಅಂತರ ಗಾಂಧಾರ ಒಂದನ್ನೇ ನೋಡಿ: ಕಲ್ಯಾಣಿಯಲ್ಲಿ ಅದು ಕಂಪಿಸುತ್ತದೆ, ಶಂಕರಾಭರಣದಲ್ಲಿ ಹೆಚ್ಚಾಗಿ ನಿಶ್ಚಲ, ಆರಭಿಯಲ್ಲಿ ಬರಿಯ ಸ್ಪರ್ಶ, ದೇವಗಾಂಧಾರಿಯಲ್ಲಿ ದೀರ್ಘ. ನಿಮ್ಮ ಕೀಬೋರ್ಡಿಗೆ ನಾಲ್ಕೂ ಒಂದೇ ಬಿಳಿ ಮನೆ.

ನಿಮ್ಮ ಮುಂದಿನ ಅಭ್ಯಾಸಕ್ಕೆ ನನ್ನ ಸಲಹೆ: ಸದ್ಯಕ್ಕೆ ಆರಭಿಯನ್ನು ಹಿಡಿಯಿರಿ. ಅದರ ಮುಖ್ಯ ಸ್ವರಗಳು ಬಹುಮಟ್ಟಿಗೆ ನೇರವಾಗಿರುವುದರಿಂದ ಕೀಬೋರ್ಡಿನಲ್ಲೂ ಗುರುತು ಸಿಗುವಷ್ಟು ಬರುತ್ತದೆ. ‘ಪ ಮ ಗ ರೀ’ ನುಡಿಸುವಾಗ ಗಾಂಧಾರದ ಮನೆಯಿಂದ ಬೆರಳನ್ನು ಸುಟ್ಟುಕೊಂಡವರಂತೆ ಎತ್ತಿಬಿಡಿ, ರಿಷಭವನ್ನು ನಾಲ್ಕು ಎಣಿಸುವವರೆಗೆ ಬಿಡಬೇಡಿ. ದೇವಗಾಂಧಾರಿಯನ್ನು ಮಾತ್ರ ಕೀಬೋರ್ಡಿನಲ್ಲಿ ಪ್ರಯತ್ನಿಸಬೇಡಿ. ಅದನ್ನು ಬಾಯಲ್ಲಿ ಹಾಡಿ ಕಲಿಯಿರಿ, ಕಂಠ ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ, ನನ್ನದೂ ಚೆನ್ನಾಗಿಲ್ಲ.