ಎರಡು ಮಳಿಗೆ, ಒಂದು ದಿನಸಿ ಅಂಗಡಿ: ಜಾಗದ ಆಯ್ಕೆಯ ಒಂದು ಪ್ರಕರಣ

ಗುರುತು ತಿಳಿಯದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆದಿದ್ದೇನೆ. ಮಾಗಡಿ ರಸ್ತೆಯ ಆಸುಪಾಸಿನ ಬಡಾವಣೆಯೊಂದರ ದಂಪತಿ ಸಲಹೆಗಾಗಿ ಬಂದಿದ್ದರು. ಗಂಡ ಸಂಬಂಧಿಕರ ಪ್ರಾವಿಷನ್ ಸ್ಟೋರ್‌ನಲ್ಲಿ ಬಹುಕಾಲ ದುಡಿದವರು; ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಯಾವ ಬೇಳೆಯನ್ನು ಯಾರ ಬಳಿ ಕೊಳ್ಳಬೇಕೆಂಬುದು ಅವರಿಗೆ ಗೊತ್ತಿತ್ತು. ಹೆಂಡತಿ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಕೈಯಲ್ಲಿ ಆರು ಲಕ್ಷ ರೂಪಾಯಿ ಉಳಿತಾಯವಿತ್ತು. ಸಾಲದಿದ್ದರೆ ಒಡವೆ ಅಡವಿಡುವ ಯೋಚನೆಯೂ ಇತ್ತು.

ಅವರು ಎರಡು ಮಳಿಗೆಗಳನ್ನು ನೋಡಿಟ್ಟಿದ್ದರು. ಒಂದು ಮುಖ್ಯರಸ್ತೆಯ ಬಸ್ ನಿಲ್ದಾಣದ ಪಕ್ಕದಲ್ಲಿತ್ತು. ಬಾಡಿಗೆ ತಿಂಗಳಿಗೆ 32,000 ರೂಪಾಯಿ, ಮುಂಗಡ ಹತ್ತು ತಿಂಗಳದ್ದು. ಇನ್ನೊಂದು ಒಳಗಿನ ಕ್ರಾಸ್‌ನಲ್ಲಿ, ಹಾಲಿನ ಬೂತ್ ಇರುವ ಮೂಲೆಯಿಂದ ನಾಲ್ಕು ಮನೆ ಆಚೆಗಿತ್ತು. ಬಾಡಿಗೆ 16,000, ಮುಂಗಡ ಅಲ್ಲಿಯೂ ಹತ್ತು ತಿಂಗಳದ್ದೇ. ಗಂಡನಿಗೂ ಅವರ ಭಾವನಿಗೂ ಮುಖ್ಯರಸ್ತೆಯ ಮೇಲೆ ಮನಸ್ಸು. "ಅಲ್ಲಿ ಜನ ನಿಲ್ಲೋದೇ ಇಲ್ಲ ಸಾರ್, ಹರೀತಾನೇ ಇರ್ತಾರೆ" ಎಂದು ಅವರು ಹೆಮ್ಮೆಯಿಂದಲೇ ಹೇಳಿದರು. ನನಗೆ ಮೊದಲು ಅನುಮಾನ ಬಂದದ್ದೂ ಆ ಮಾತಿನಿಂದಲೇ.

ಬಾಡಿಗೆಯನ್ನು ವ್ಯಾಪಾರದ ಮೊತ್ತದೊಂದಿಗೆ ಹೋಲಿಸದೆ, ಆ ವ್ಯಾಪಾರದಲ್ಲಿ ಉಳಿಯುವ ಲಾಭದೊಂದಿಗೆ ಹೋಲಿಸಿ ನೋಡಲು ನಾನು ಕೇಳಿಕೊಂಡೆ. ಅಕ್ಕಿ, ಸಕ್ಕರೆ, ಎಣ್ಣೆಗಳಲ್ಲಿ ಉಳಿಯುವುದು ಕಡಿಮೆ, ಬಿಡಿ ಬೇಳೆ ಮತ್ತು ಮಸಾಲೆ ಸಾಮಾನಿನಲ್ಲಿ ಹೆಚ್ಚು. ಎಲ್ಲವನ್ನೂ ಸೇರಿಸಿದರೆ ನೂರು ರೂಪಾಯಿ ವ್ಯಾಪಾರಕ್ಕೆ ಹನ್ನೆರಡು ರೂಪಾಯಿ ಉಳಿಯುತ್ತದೆಂದು ಅವರು ತಮ್ಮ ಅನುಭವದಿಂದ ಹೇಳಿದರು. ಮುಂಗಡಕ್ಕೆ ಮಾಲೀಕರು ಬಡ್ಡಿ ಕೊಡುವುದಿಲ್ಲವಾದ್ದರಿಂದ ಅದೂ ಬಾಡಿಗೆಯ ಒಂದು ಭಾಗವೇ. ಒಡವೆ ಸಾಲದ ಬಡ್ಡಿಯನ್ನು ನೂರಕ್ಕೆ ತಿಂಗಳಿಗೆ ಒಂದು ರೂಪಾಯಿಯೆಂದು ಹಿಡಿದರೆ ಮುಖ್ಯರಸ್ತೆಯ ಮಳಿಗೆಯ ನಿಜವಾದ ಬಾಡಿಗೆ 35,200 ಆಗುತ್ತಿತ್ತು, ಕ್ರಾಸ್‌ನದು 17,600. ಸಹಾಯಕನ ಸಂಬಳ, ಕರೆಂಟು ಮತ್ತು ಸಾಗಣೆಗೆ 20,000 ಸೇರಿಸಿ ಹನ್ನೆರಡರ ಲೆಕ್ಕದಲ್ಲಿ ನೋಡಿದಾಗ, ಅಂಗಡಿ ಕೈಯಿಂದ ಹಣ ತಿನ್ನದೆ ನಿಲ್ಲಬೇಕಾದರೆ ಮುಖ್ಯರಸ್ತೆಯಲ್ಲಿ ದಿನಕ್ಕೆ ಸುಮಾರು 15,300 ರೂಪಾಯಿ, ಕ್ರಾಸ್‌ನಲ್ಲಿ ಸುಮಾರು 10,500 ರೂಪಾಯಿ ವ್ಯಾಪಾರವಾಗಬೇಕಿತ್ತು. ಮನೆಖರ್ಚಿಗೆಂದು ತಿಂಗಳಿಗೆ 30,000 ತೆಗೆಯಬೇಕೆಂದರೆ ಈ ಅಂಕಿಗಳು ಕ್ರಮವಾಗಿ 23,700ಕ್ಕೂ 18,800ಕ್ಕೂ ಏರುತ್ತಿದ್ದವು.

ಹಾಗಾದರೆ ಆ ಹೆಚ್ಚುವರಿ ಐದು ಸಾವಿರದಷ್ಟು ವ್ಯಾಪಾರವನ್ನು ಮುಖ್ಯರಸ್ತೆಯ ಜನಸಂದಣಿ ತಂದುಕೊಡುವುದೇ ಎಂಬುದೇ ಉಳಿದ ಪ್ರಶ್ನೆಯಾಗಿತ್ತು. ಒಂದು ವಾರದ ದಿನ ಮತ್ತು ಒಂದು ಭಾನುವಾರ, ಬೆಳಿಗ್ಗೆ ಏಳರ ಹೊತ್ತಿಗೆ ಹಾಗೂ ಸಂಜೆ ಆರೂವರೆಯಿಂದ ಏಳರವರೆಗೆ, ಎರಡೂ ಕಡೆ ನಿಂತು ಎಣಿಸಿ ಬರುವಂತೆ ಹೇಳಿದೆ. ಹಾದುಹೋಗುವವರನ್ನು ಒಂದು ಸಾಲಿನಲ್ಲಿಯೂ, ಕೈಯಲ್ಲಿ ತರಕಾರಿ ಚೀಲ, ಹಾಲಿನ ಪ್ಯಾಕೆಟ್ ಅಥವಾ ದಿನಸಿ ಇರುವವರನ್ನು ಇನ್ನೊಂದು ಸಾಲಿನಲ್ಲಿಯೂ ಗುರುತು ಹಾಕಬೇಕೆಂಬುದು ಕರಾರು, ಏಕೆಂದರೆ ದಿನಸಿ ಅಂಗಡಿಗೆ ಬೇಕಾಗಿರುವುದು ಈ ಎರಡನೆಯ ಸಾಲು ಮಾತ್ರ.

ಮುಖ್ಯರಸ್ತೆಯಲ್ಲಿ ವಾರದ ದಿನದ ಸಂಜೆಯ ಅರ್ಧ ಗಂಟೆಯಲ್ಲಿ ಐನೂರಕ್ಕೂ ಹೆಚ್ಚು ಜನ ಹಾದುಹೋಗಿದ್ದರು, ಚೀಲ ಹಿಡಿದವರು ನಲವತ್ತರಷ್ಟು. ಕ್ರಾಸ್‌ನಲ್ಲಿ ಹಾದುಹೋದವರು ನೂರಮೂವತ್ತೇ ಆದರೂ ಚೀಲದವರ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಇದರ ಕಾರಣವನ್ನು ಪತ್ತೆ ಹಚ್ಚಿದವರು ಹೆಂಡತಿ. ಮುಖ್ಯರಸ್ತೆಯ ಮಳಿಗೆ ಇದ್ದದ್ದು ಮೆಜೆಸ್ಟಿಕ್ ಕಡೆಗೆ ಹೋಗುವ ಬಸ್ಸುಗಳ ಬದಿಯಲ್ಲಿ. ಬೆಳಿಗ್ಗೆ ಕೆಲಸಕ್ಕೆ ಹೊರಟವರು ಅಲ್ಲಿ ಬಸ್ಸಿಗೆ ಕಾಯುತ್ತಾರೆಯೇ ಹೊರತು ಬೇಳೆ ಕೊಂಡು ಬಸ್ಸು ಹತ್ತುವುದಿಲ್ಲ. ಸಂಜೆ ಮರಳುವಾಗ ಅವರು ಎದುರು ಬದಿಯಲ್ಲಿ ಇಳಿಯುತ್ತಾರೆ, ನಡುವೆ ದಾಟಲಾಗದ ಮೀಡಿಯನ್ ಇದೆ. ಎದುರು ಬದಿಯಲ್ಲಿ ಆಗಲೇ ಒಂದು ಹಳೆಯ ಪ್ರಾವಿಷನ್ ಸ್ಟೋರ್ ಇತ್ತು. ಸ್ಕೂಟರಿನಲ್ಲಿ ಬರುವವರಿಗೂ ಇವರ ಮಳಿಗೆಯ ಮುಂದೆ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ.

ಪೈಪೋಟಿಯ ವಿಷಯದಲ್ಲಿ ಅಂಗಡಿಗಳ ಸಂಖ್ಯೆಗಿಂತ ಅವು ಏನನ್ನು ಕಿತ್ತುಕೊಳ್ಳುತ್ತವೆ ಎಂಬುದನ್ನು ನೋಡಬೇಕು. ಮುಖ್ಯರಸ್ತೆಯ ಮಳಿಗೆಯಿಂದ ಇನ್ನೂರು ಮೀಟರಿನಲ್ಲಿ ದೊಡ್ಡದೊಂದು ಸೂಪರ್‌ಮಾರ್ಕೆಟ್ ಇತ್ತು. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಅಲ್ಲಿ ಮಾರಾಟವಾಗುತ್ತಿದ್ದ ಬೆಲೆಯು ಇವರಿಗೆ ಸಗಟಿನಲ್ಲಿ ಸಿಗುವ ಬೆಲೆಗಿಂತ ಕಡಿಮೆಯಿತ್ತು. ಅಂಥ ಕಡೆ ತಿಂಗಳ ರೇಷನ್ ಪೂರ್ತಿ ಅತ್ತ ಹೋಗಿ, ಸಣ್ಣ ಅಂಗಡಿಗೆ ಮರೆತ ಉಪ್ಪು, ಬೆಂಕಿಪೊಟ್ಟಣಗಳಷ್ಟೇ ಉಳಿಯುತ್ತವೆ. ಕ್ರಾಸ್‌ನಲ್ಲಿದ್ದ ಎದುರಾಳಿ ಎಂಬತ್ತು ಮೀಟರ್ ದೂರದ ಒಂದು ಹಳೆಯ ಅಂಗಡಿ. ಅವರು ಮಧ್ಯಾಹ್ನ ಒಂದೂವರೆಯಿಂದ ನಾಲ್ಕೂವರೆವರೆಗೆ ಬಾಗಿಲು ಹಾಕುತ್ತಿದ್ದರು, ಮನೆಗೆ ತಲುಪಿಸುತ್ತಿರಲಿಲ್ಲ. ಆದರೆ ಅವರ ಬಳಿ ಸಾಲದ ಪುಸ್ತಕವಿತ್ತು, ಬಾಕಿ ಇರುವ ಮನೆಯವರು ಹೊಸ ಅಂಗಡಿಗೆ ಸುಲಭವಾಗಿ ಬರುವುದಿಲ್ಲ. ಫೋನಿನಲ್ಲಿ ಆರ್ಡರ್ ಮಾಡಿದರೆ ಹತ್ತು ನಿಮಿಷಕ್ಕೆ ಮನೆಗೆ ತರುವ ಸೇವೆಗಳು ಎರಡೂ ಜಾಗಗಳಿಗೆ ಸಮನಾದ ತೊಂದರೆಯಾದ್ದರಿಂದ ಈ ಹೋಲಿಕೆಯಲ್ಲಿ ಅವನ್ನು ಬಿಟ್ಟೆವು.

ಕ್ರಾಸ್‌ನಲ್ಲಿ ಬೇಕಾದಷ್ಟು ಮನೆಗಳು ಇವೆಯೇ ಎಂಬುದನ್ನು ತಿಳಿಯಲು ಮನೆಮನೆಗೆ ಹೋಗಬೇಕಾಗಿರಲಿಲ್ಲ. ಬೆಂಗಳೂರಿನ ಬಾಡಿಗೆ ಕಟ್ಟಡಗಳಲ್ಲಿ ಕರೆಂಟು ಮೀಟರುಗಳೆಲ್ಲ ಸಾಮಾನ್ಯವಾಗಿ ಕೆಳಮಹಡಿಯಲ್ಲಿ ಒಂದೇ ಕಡೆ ಇರುತ್ತವೆ. ಐದು ನಿಮಿಷದ ನಡಿಗೆಯೊಳಗಿನ ಮೀಟರುಗಳನ್ನು ಎಣಿಸಿ, ನೀರಿನ ಮೋಟರು ಮತ್ತು ಲಿಫ್ಟಿನ ಮೀಟರುಗಳನ್ನೂ ಟು-ಲೆಟ್ ಬೋರ್ಡಿನ ಮನೆಗಳನ್ನೂ ಕಳೆದಾಗ ಸುಮಾರು 420 ಸಂಸಾರಗಳು ಸಿಕ್ಕವು. ಪರಿಚಿತ ಮನೆಗಳಲ್ಲಿ ವಿಚಾರಿಸಿದಾಗ ತಿಂಗಳ ದಿನಸಿ ಖರ್ಚು 4,000ದ ಆಸುಪಾಸಿನಲ್ಲಿತ್ತು. ಆ ಲೆಕ್ಕದಂತೆ ಅಂಗಡಿ ನಿಲ್ಲಲು ಆ ಮನೆಗಳ ಒಟ್ಟು ಖರ್ಚಿನ ಐದನೆಯ ಒಂದು ಭಾಗಕ್ಕಿಂತ ತುಸು ಕಡಿಮೆ ಸಾಕು. ಮನೆಖರ್ಚೂ ಅದರಲ್ಲೇ ನಡೆಯಬೇಕೆಂದರೆ ಮೂರನೆಯ ಒಂದು ಭಾಗ ಬೇಕು. ಮೊದಲನೆಯದು ಆಗುವ ಮಾತು. ಎರಡನೆಯದು ಮೊದಲ ವರ್ಷದಲ್ಲಿ ಕಷ್ಟವೆಂದು ನಾನು ಸ್ಪಷ್ಟವಾಗಿ ಹೇಳಿದೆ, ಅದನ್ನು ಕೇಳಿ ಗಂಡನ ಮುಖ ಬಾಡಿತು.

ಆದ್ದರಿಂದ ನಾನು ಕೊಟ್ಟ ಸಲಹೆ ಕ್ರಾಸ್‌ನ ಮಳಿಗೆಯ ಪರವಾಗಿದ್ದರೂ ಷರತ್ತುಗಳೊಂದಿಗೆ ಇತ್ತು. ದಿನದ ವ್ಯಾಪಾರ 18,000 ದಾಟುವವರೆಗೆ ಹೆಂಡತಿ ಕೆಲಸ ಬಿಡಬಾರದು. ಬಾಡಿಗೆಗಾಗಿ ಚೌಕಾಸಿ ಮಾಡುವ ಬದಲು ಮುಂಗಡವನ್ನು ಒಂದು ಲಕ್ಷಕ್ಕೆ ಇಳಿಸಲು ಕೇಳಬೇಕು, ಆಗ ಒಡವೆ ಮನೆಯಲ್ಲೇ ಉಳಿಯುತ್ತದೆ. ರ‍್ಯಾಕು ಕೂರಿಸುವ ಮೊದಲ ತಿಂಗಳಿಗೆ ಬಾಡಿಗೆ ಬೇಡವೆಂದೂ ಕೇಳಬೇಕು. ಹನ್ನೊಂದು ತಿಂಗಳ ಕರಾರಿನಲ್ಲಿ, ಗಿರಾಕಿಗಳು ಕೂಡಿಬರುವ ಹೊತ್ತಿಗೆ ಮಾಲೀಕರು ಬಾಡಿಗೆ ಏರಿಸುವ ಅಪಾಯವಿರುವುದರಿಂದ ಮೂರು ವರ್ಷದ ಕರಾರು ಮಾಡಿಕೊಂಡು ಅದನ್ನು ನೋಂದಣಿ ಮಾಡಿಸಬೇಕು. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ವರ್ಷಕ್ಕೆ ನೂರಕ್ಕೆ ಐದರ ಏರಿಕೆ ಮತ್ತು ಎರಡು ತಿಂಗಳ ಮುನ್ಸೂಚನೆ ಕೊಟ್ಟು ಬಿಡುವ ಹಕ್ಕು ಅದರಲ್ಲಿ ಬರೆದಿರಬೇಕು. ವಸತಿ ರಸ್ತೆಯಾದ್ದರಿಂದ ಆ ವಿಳಾಸಕ್ಕೆ ಪಾಲಿಕೆಯ ಉದ್ದಿಮೆ ಪರವಾನಗಿ ಸಿಗುವುದೇ ಎಂಬುದನ್ನು ಮುಂಗಡ ಕೊಡುವ ಮೊದಲೇ ವಿಚಾರಿಸಬೇಕು. ಹಿಂದಿನ ಬಾಡಿಗೆದಾರರು ಏಕೆ ಬಿಟ್ಟರೆಂದು ಮಾಲೀಕರನ್ನಲ್ಲ, ಪಕ್ಕದ ಇಸ್ತ್ರಿ ಅಂಗಡಿಯವರನ್ನು ಕೇಳಬೇಕು.

ಮಾಲೀಕರು ಮುಂಗಡ ಇಳಿಸಲು ಒಪ್ಪಿದರು, ಬಾಡಿಗೆ ಬಿಡಲು ಒಪ್ಪಿದ್ದು ಹದಿನೈದು ದಿನಕ್ಕೆ ಮಾತ್ರ. ಎರಡು ಲಕ್ಷದ ಸರಕಿನಿಂದ ಆರಂಭಿಸಿ, ರ‍್ಯಾಕು, ಫ್ರಿಜ್ಜು, ತಕ್ಕಡಿಗೆ ಒಂದೂವರೆ ಲಕ್ಷ ಕಳೆದು, ಉಳಿದ ಒಂದೂವರೆ ಲಕ್ಷವನ್ನು ಮುಟ್ಟದೆ ಬ್ಯಾಂಕಿನಲ್ಲಿಡಲು ಅವರು ಒಪ್ಪಿದ್ದಾರೆ. ಆರನೆಯ ತಿಂಗಳಿನಲ್ಲಿ ದಿನದ ಸರಾಸರಿ ವ್ಯಾಪಾರ 10,000 ಮುಟ್ಟದಿದ್ದರೆ ಆ ಹಣಕ್ಕೆ ಕೈಹಾಕದೆ ಮುನ್ಸೂಚನೆ ಕೊಡಬೇಕೆಂಬ ಮಾತನ್ನು ದಂಪತಿ ತಾವೇ ಬರೆದು ಕಡತದಲ್ಲಿ ಇರಿಸಿದ್ದಾರೆ.