ಜಯದೇವ ಆಸ್ಪತ್ರೆಗೆ ಮೆಟ್ರೊದಲ್ಲಿ ಹೋಗುವಾಗ ಯಾವ ದ್ವಾರದಿಂದ ಹೊರಬರಬೇಕು?

ಪ್ರಶ್ನೆ: «ಈ ಅಡಿಕೆ ಗುಂಪಿನಲ್ಲಿ ಬೇರೆ ವಿಷಯ ಕೇಳ್ತಿದ್ದೀನಿ, ಕ್ಷಮಿಸಿ. ಮುಂದಿನ ವಾರ ಅಪ್ಪನನ್ನ ಜಯದೇವಕ್ಕೆ ತೋರಿಸಬೇಕು, ತೀರ್ಥಹಳ್ಳಿಯಿಂದ ಬಸ್ಸಲ್ಲಿ ಬರ್ತೀವಿ. ಮೆಟ್ರೊ ಹತ್ತಿ ಗೊತ್ತಿಲ್ಲ. ಅಲ್ಲಿನ ನಕ್ಷೆ ನೋಡೋದು ಹೇಗೆ, ಯಾವ ಕಡೆ ಹೊರಗೆ ಬಂದ್ರೆ ಆಸ್ಪತ್ರೆ ಹತ್ತಿರ? ಅಪ್ಪನಿಗೆ ಮೆಟ್ಟಿಲು ಹತ್ತಿಳಿಯೋಕೆ ಆಗಲ್ಲ.»

ಉತ್ತರ:

ಮೊದಲು ಮೇಲಿನ ಒಂದು ಕಾಮೆಂಟಿನ ವಿಷಯ. «ಆಸ್ಪತ್ರೆ ಇರೋದು ಜಯನಗರ 9ನೇ ಬ್ಲಾಕು, ಜಯನಗರ ಸ್ಟೇಷನ್ನಲ್ಲಿ ಇಳೀರಿ» ಅಂದಿದ್ದಾರೆ. ವಿಳಾಸ ಸರಿ, ಸ್ಟೇಷನ್ ತಪ್ಪು. ಜಯನಗರ ನಿಲ್ದಾಣದಿಂದ ಆಸ್ಪತ್ರೆ ಎರಡು ಕಿಲೋಮೀಟರಿಗೂ ಹೆಚ್ಚು ದೂರ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ‘ಜಯದೇವ ಆಸ್ಪತ್ರೆ’ ಅನ್ನೋ ಹೆಸರಿನದ್ದೇ ನಿಲ್ದಾಣ ಇದೆ. ಟೋಕನ್ ಕೇಳುವಾಗ ಆ ಹೆಸರನ್ನೇ ಹೇಳಿ.

ಶಿವಮೊಗ್ಗ ಕಡೆಯ ಬಸ್ಸು ತುಮಕೂರು ರಸ್ತೆಯಲ್ಲೇ ಬರೋದು, ಹಸಿರು ಮಾರ್ಗವೂ ಅದೇ ರಸ್ತೆ ಹಿಡಿದು ಬರುತ್ತೆ. ಬಸ್ಸು ನಿಲ್ಲಿಸೋದಾದ್ರೆ ಜಾಲಹಳ್ಳಿ ಅಥವಾ ಯಶವಂತಪುರದ ಹತ್ತಿರ ಇಳಿದು ಅಲ್ಲೇ ಮೆಟ್ರೊ ಹತ್ತಬಹುದು. ಮೆಜೆಸ್ಟಿಕ್‌ವರೆಗೆ ಬಂದ್ರೂ ತೊಂದರೆ ಇಲ್ಲ, ಆದರೆ ಆ ನಿಲ್ದಾಣ ದೊಡ್ಡದು, ಅಪ್ಪನಿಗೆ ನಡಿಗೆ ಜಾಸ್ತಿ ಆಗುತ್ತೆ.

ಈಗ ನಕ್ಷೆ. ಅಲ್ಲಿ ಎರಡು ಥರದ ನಕ್ಷೆ ಇರುತ್ತೆ, ಗೊಂದಲ ಶುರುವಾಗೋದೇ ಎರಡನ್ನೂ ಒಂದೇ ಅಂದುಕೊಂಡಾಗ. ಬಣ್ಣಬಣ್ಣದ ಗೆರೆ, ಚುಕ್ಕಿ ಇರೋದು ಮಾರ್ಗದ ನಕ್ಷೆ. ಅದರಲ್ಲಿ ನೋಡಬೇಕಾದ್ದು ಮೂರೇ: ಗೆರೆಯ ಬಣ್ಣ, ಗೆರೆಯ ಕೊನೆಯ ಹೆಸರು, ಎಷ್ಟನೇ ಚುಕ್ಕಿ. ದೂರ, ದಿಕ್ಕು ಅದರಲ್ಲಿ ಹುಡುಕಬೇಡಿ. ಎರಡು ಚುಕ್ಕಿ ಪಕ್ಕಪಕ್ಕ ಕಂಡ ಮಾತ್ರಕ್ಕೆ ನಡೆದು ಹೋಗೋಷ್ಟು ಹತ್ತಿರ ಅಂತಲ್ಲ.

ನಿಮ್ಮ ಲೆಕ್ಕ ಹೀಗೆ. ಹಸಿರು ಗೆರೆಯಲ್ಲಿ ‘ರೇಷ್ಮೆ ಸಂಸ್ಥೆ’ ಕಡೆಗೆ ಹೋಗುವ ಗಾಡಿ. ಮಾದಾವರ ಅಂತಿದ್ರೆ ಅದು ವಾಪಸ್ ತುಮಕೂರು ರಸ್ತೆ ಕಡೆಗೆ. ಮೆಜೆಸ್ಟಿಕ್ ಆದ ಮೇಲೆ ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್ ಸರ್ಕಲ್, ಜಯನಗರ, ಏಳನೆಯದು ಆರ್.ವಿ. ರಸ್ತೆ. ಅಲ್ಲಿ ಇಳಿದು ಹಳದಿ ಬಣ್ಣದ ಬಾಣ ಹಿಡಿದು ಹೋಗಿ. ಟೋಕನ್ ಹಾಕುವ ಗೇಟು ದಾಟಬೇಡಿ, ದಾಟಿದ್ರೆ ಪ್ರಯಾಣ ಅಲ್ಲಿಗೇ ಮುಗಿದ ಲೆಕ್ಕ, ಮತ್ತೆ ಟಿಕೆಟ್ ತಗೋಬೇಕು. ಹಳದಿ ಮಾರ್ಗ ಶುರುವಾಗೋದೇ ಆರ್.ವಿ. ರಸ್ತೆಯಿಂದ, ಹಾಗಾಗಿ ಹೊರಡುವ ಗಾಡಿಯೆಲ್ಲ ಬೊಮ್ಮಸಂದ್ರದ ಕಡೆಗೇ. ರಾಗಿಗುಡ್ಡ ಆದ ಮೇಲೆ ಜಯದೇವ, ಎರಡನೇ ನಿಲ್ದಾಣ. ಹಳದಿಯಲ್ಲಿ ಗಾಡಿಗಳ ನಡುವಿನ ಅಂತರ ಹಸಿರಿಗಿಂತ ಹೆಚ್ಚು, ಬೆಳಿಗ್ಗೆ ಚೀಟಿ ಮಾಡಿಸೋ ಹೊತ್ತಿಗೆ ತಲುಪಬೇಕಾದ್ರೆ ಕಾಯೋ ಸಮಯ ಸೇರಿಸಿಕೊಂಡು ಹೊರಡಿ.

ಇನ್ನು ಹೊರಬರೋ ದ್ವಾರ. ಟಿಕೆಟ್ ಗೇಟಿನ ಮಟ್ಟಕ್ಕೆ ಇಳಿದಾಗ ಸುತ್ತಲಿನ ರಸ್ತೆ, ಕಟ್ಟಡ ತೋರಿಸುವ ಇನ್ನೊಂದು ನಕ್ಷೆ ನೋಡಿ. ದ್ವಾರಗಳಿಗೆ ಎ, ಬಿ, ಸಿ ಅಂತ ಅಕ್ಷರ ಇರುತ್ತೆ. ಇಂಥದೇ ಅಕ್ಷರ ಅಂತ ನಾನು ಇಲ್ಲಿ ಬರೆಯಲ್ಲ, ಬೇಕಂತಲೇ. ಗುಲಾಬಿ ಮಾರ್ಗವೂ ಇದೇ ನಿಲ್ದಾಣದಲ್ಲಿ ಹಾಯುತ್ತೆ, ಹೊಸ ದ್ವಾರ ತೆರೆದಾಗ ಹಳೆ ಫೋಟೊ ನೋಡಿ ಬಂದವರು ಅಡ್ಡದಾರಿ ಹಿಡೀತಾರೆ. ಅಕ್ಷರಕ್ಕಿಂತ ಜಾಗ ಗೊತ್ತಿರಲಿ.

ಹಳದಿ ಮಾರ್ಗ ಇಲ್ಲಿ ಮಾರೇನಹಳ್ಳಿ ರಸ್ತೆಯ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತೆ. ಅದನ್ನ ಅಡ್ಡ ಕೊಯ್ಯೋದು ಬನ್ನೇರುಘಟ್ಟ ರಸ್ತೆ. ನಾಲ್ಕು ಮೂಲೆ ಆಯ್ತಲ್ಲ, ಆಸ್ಪತ್ರೆ ಇರೋದು ವಾಯವ್ಯ ಮೂಲೆಯಲ್ಲಿ. ಅಂದ್ರೆ ಆರ್.ವಿ. ರಸ್ತೆಯಿಂದ ಬರುವ ಗಾಡಿಯಲ್ಲಿ ಮುಂದಕ್ಕೆ ಮುಖ ಮಾಡಿ ನಿಂತರೆ ನಿಮ್ಮ ಎಡಕ್ಕೆ, ಬನ್ನೇರುಘಟ್ಟ ರಸ್ತೆಗಿಂತ ಈಚೆಗೆ. ಇದನ್ನ ಗಾಡಿಯಲ್ಲೇ ಮನಸ್ಸಲ್ಲಿ ಹಿಡ್ಕೊಳ್ಳಿ. ಎಸ್ಕಲೇಟರಲ್ಲಿ ಎರಡು ಸಲ ತಿರುಗಿ ಇಳಿದ ಮೇಲೆ ಎಡ ಬಲ ತಿಳಿಯಲ್ಲ.

ನಕ್ಷೆ ಮುಂದೆ ನಿಂತಾಗ ಮೊದಲು ‘ನೀವು ಇಲ್ಲಿದ್ದೀರಿ’ ಚುಕ್ಕಿ ಹುಡುಕಿ, ಆಮೇಲೆ ಬನ್ನೇರುಘಟ್ಟ ರಸ್ತೆ. ಗೋಡೆಯ ನಕ್ಷೆಯಲ್ಲಿ ಮೇಲ್ಗಡೆ ಇರೋದು ನಿಮ್ಮ ಎದುರಿಗೇ ಇರಬೇಕೆಂದಿಲ್ಲ, ಎಷ್ಟೋ ಸಲ ಉತ್ತರ ಮೇಲಿಟ್ಟು ಬರೆದು ಬೇರೆ ದಿಕ್ಕಿನ ಗೋಡೆಗೆ ಹಾಕಿರ್ತಾರೆ. ಆಸ್ಪತ್ರೆ ಸಿಕ್ಕ ಮೇಲೆ ಅದಕ್ಕೆ ಹತ್ತಿರ ಕಾಣೋ ಅಕ್ಷರ ಹಿಡಿದು ಹೊರಟುಬಿಡಬೇಡಿ. ಬೆರಳಿಟ್ಟು ಆ ಅಕ್ಷರದಿಂದ ಆಸ್ಪತ್ರೆಯ ಗೇಟಿನವರೆಗೆ ಎಳೀರಿ. ಬೆರಳು ದಪ್ಪ ರಸ್ತೆಯನ್ನ ದಾಟಿದ್ರೆ ಆ ದ್ವಾರ ಬೇಡ, ಸ್ವಲ್ಪ ದೂರ ಕಂಡ್ರೂ ರಸ್ತೆ ದಾಟಿಸದ ದ್ವಾರವೇ ಸರಿ. ಆ ಜಂಕ್ಷನ್‌ನಲ್ಲಿ ಕೆಳಸೇತುವೆ, ಮೇಲ್ಸೇತುವೆ, ಸಿಗ್ನಲ್ ಎಲ್ಲ ಇದೆ, ಹೃದಯದ ರೋಗಿಯನ್ನ ಕರ್ಕೊಂಡು ದಾಟೋ ಜಾಗ ಅಲ್ಲ. ಗೇಟಿನವರೆಗೆ ಅಂದದ್ದು ಯಾಕಂದ್ರೆ ನಕ್ಷೆಯ ಕೆಂಪು ಗುರುತು ಆವರಣದ ನಡುವೆ ಇರುತ್ತೆ, ಒಳಗೆ ಹೋಗೋ ದಾರಿ ಬನ್ನೇರುಘಟ್ಟ ರಸ್ತೆ ಕಡೆ.

ಲಿಫ್ಟ್ ವಿಷಯ ನಿಮಗೆ ಎಲ್ಲಕ್ಕಿಂತ ಮುಖ್ಯ. ಇದು ಊರಲ್ಲೇ ತುಂಬ ಎತ್ತರದ ನಿಲ್ದಾಣಗಳಲ್ಲಿ ಒಂದು, ಕೆಳಗೆ ಮೇಲ್ಸೇತುವೆಯೇ ಹೋಗುತ್ತೆ. ಪ್ಲಾಟ್‌ಫಾರ್ಮಿಂದ ಟಿಕೆಟ್ ಗೇಟಿನವರೆಗೆ ಒಂದು ಲಿಫ್ಟ್, ಗೇಟಿಂದ ರಸ್ತೆಗೆ ಬೇರೆ ಲಿಫ್ಟ್. ಎರಡನೇದು ಎಲ್ಲ ದ್ವಾರದಲ್ಲೂ ಇರಲ್ಲ. ನಕ್ಷೆಯಲ್ಲಿ ಚೌಕದೊಳಗೆ ಮನುಷ್ಯರು, ಮೇಲೆ ಕೆಳಗೆ ಬಾಣ ಇರೋ ಗುರುತು ಯಾವ ಅಕ್ಷರದ ಹತ್ತಿರ ಇದೆ ಅಂತ ಟೋಕನ್ ಹಾಕೋಕೆ ಮುಂಚೆಯೇ ನೋಡಿ, ಗೇಟಿನ ಸಿಬ್ಬಂದಿಯನ್ನ «ಆಸ್ಪತ್ರೆ ಕಡೆ ಲಿಫ್ಟ್ ಯಾವುದು» ಅಂತ ಕೇಳಿ. ಬರೀ «ಆಸ್ಪತ್ರೆ ಯಾವ ಕಡೆ» ಅಂದ್ರೆ ಮೆಟ್ಟಿಲ ದಾರಿ ತೋರಿಸಿಬಿಡ್ತಾರೆ. ಗಾಲಿಕುರ್ಚಿ ಬೇಕಾದ್ರೆ ಹತ್ತುವ ನಿಲ್ದಾಣದಲ್ಲೇ ಹೇಳಿ.

ತಪ್ಪಿ ಬೇರೆ ಮೂಲೆಗೆ ಇಳಿದ್ರೆ ರಸ್ತೆ ದಾಟೋಕೆ ಹೋಗದೆ ಅದೇ ಲಿಫ್ಟಲ್ಲಿ ಮೇಲೆ ಹೋಗಿ. ಎತ್ತರದ ನಿಲ್ದಾಣಗಳಲ್ಲಿ ಸಾಮಾನ್ಯವಾಗಿ ಗೇಟಿನ ಹೊರಗಿನ ಜಾಗದಲ್ಲಿ ಟಿಕೆಟ್ ಇಲ್ಲದೆಯೇ ಆಚೆ ಬದಿಗೆ ನಡೆದು ಹೋಗಬಹುದು.

ಇದೆಲ್ಲ ಮೊದಲೇ ಗೊತ್ತುಮಾಡಿಕೊಂಡ ತಪಾಸಣೆಗೆ ಮಾತ್ರ. ಎದೆನೋವು ಶುರುವಾಗಿದ್ರೆ ಮೆಟ್ರೊ ಯೋಚನೆ ಬೇಡ, 108ಕ್ಕೆ ಫೋನ್ ಮಾಡಿ.

ಕೆಳಗಿನ ಮಾತುಗಳು:

«ಅಣ್ಣಾ, ನಮ್ಮ ಮಗುಗೆ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೆ ಬರಹೇಳಿದ್ದಾರೆ, ಅದೂ ಇದೇ ದ್ವಾರನಾ?»

ಅಲ್ಲ ತಂಗಿ. ಅದು ನಿಮ್ಹಾನ್ಸ್ ಹತ್ತಿರ, ಜಯದೇವದಿಂದ ಉತ್ತರಕ್ಕೆ ಎರಡು ಕಿಲೋಮೀಟರಿಗೂ ಮೇಲೆ. ಹಳದಿ ಮಾರ್ಗಕ್ಕೆ ಬದಲಾಯಿಸೋದೇ ಬೇಡ. ಹಸಿರಿನಲ್ಲಿ ಸೌತ್ ಎಂಡ್ ಸರ್ಕಲ್‌ನಲ್ಲಿ ಇಳಿದು ಆಟೊ ಹಿಡೀರಿ.

«ಜಯದೇವ ಆಸ್ಪತ್ರೆ ಬದಿಗೆ ಎಸ್ಕಲೇಟರ್ ಮಾತ್ರ, ಲಿಫ್ಟ್ ಆಚೆ ಕಡೆ.»

«ಇಲ್ಲ ಮಾರಾಯ್ರೇ, ಲಿಫ್ಟ್ ಈ ಬದಿಗೂ ಇದೆ.»

ಇಬ್ಬರೂ ಯಾವ ತಿಂಗಳು ನೋಡಿದ್ದು ಹೇಳಿ, ಆಗೋದಾದ್ರೆ ಫೋಟೊನೂ ಹಾಕಿ. ಅಲ್ಲಿಯವರೆಗೆ ತೀರ್ಥಹಳ್ಳಿಯವರು ಗೇಟಿನಲ್ಲಿ ಕೇಳಿಯೇ ಇಳೀರಿ.